ತಕ್ಕಡಿಯಲ್ಲಿ 1.1 ಕೆಜಿ, ಬಿಲ್ಲಿನಲ್ಲಿ 4 ಕೆಜಿ: ತಪ್ಪು ನನ್ನದಾ, ಅವರದಾ?

ಬೆತ್ತದಬುಟ್ಟಿ

ಎಲ್ಲರಿಗೂ ನಮಸ್ಕಾರ. ನಾನು ಮುಚ್ಚಳ ಇರುವ ಬೆತ್ತದ ಬುಟ್ಟಿ ಮಾರುತ್ತೇನೆ. ಮೊಟ್ಟೆ ಆಕಾರದ್ದು. ಉದ್ದ 28, ಅಗಲ 23, ಎತ್ತರ 14 ಸೆಂಟಿಮೀಟರ್. ಪ್ಯಾಕ್ ಮಾಡಿ ತಕ್ಕಡಿ ಮೇಲೆ ಇಟ್ಟರೆ 1.1 ಕೆಜಿ ಬರುತ್ತದೆ.

ಬಾಕ್ಸ್ ಹಿಡಿಯುವ ಜಾಗವನ್ನೇ ತೂಕವಾಗಿ ಲೆಕ್ಕ ಹಾಕುವ ವಾಲ್ಯೂಮೆಟ್ರಿಕ್ ತೂಕ ಅಂತ ಒಂದಿದೆ, ಅದು ನನಗೆ ಗೊತ್ತು. ಅದಕ್ಕೇ ಬಾಕ್ಸ್ ಕಟ್ಟಿನ ಮೇಲೆ ಅಚ್ಚಾಗಿದ್ದ 30 × 25 × 20 ಅನ್ನುವ ಅಳತೆಯನ್ನೇ ಶಿಪ್ಪಿಂಗ್ ಪೇಜಿನಲ್ಲಿ ಹಾಕಿದ್ದೆ. ಸರಿಯಾಗಿ 3 ಕೆಜಿ ತೋರಿಸಿತು. ಅದನ್ನು ಲೆಕ್ಕಕ್ಕೆ ಹಿಡಿದೇ ಬುಟ್ಟಿಗೆ ಬೆಲೆ ಇಟ್ಟೆ.

ಈಗ ಬಿಲ್ ಬಂದಿದೆ. ಒಟ್ಟು 18 ಪಾರ್ಸೆಲ್. 16ಕ್ಕೆ 4 ಕೆಜಿ ಹಾಕಿದ್ದಾರೆ. ಒಂದಕ್ಕೆ 3.5. ಒಂದಕ್ಕಂತೂ 7.5 ಕೆಜಿ! ಎಲ್ಲವೂ ಅದೇ ಬುಟ್ಟಿ, ಅದೇ ಬಾಕ್ಸ್. ಒಂದೇ ವಸ್ತು ಮೂರು ತೂಕ ಹೇಗೆ ತೂಗುತ್ತದೆ? ಆಕ್ಷೇಪಣೆ ಹಾಕಲು ಇನ್ನು ನಾಲ್ಕೇ ದಿನ ಇದೆ. 18ಕ್ಕೂ ಹಾಕಿಬಿಡಲಾ?

ಲೆಕ್ಕದಪುಸ್ತಕ

ಕಣ್ಣು ಮುಚ್ಚಿಕೊಂಡು ಹಾಕಿ. ಲೆಕ್ಕ ನೇರವಾಗಿದೆ. 30 × 25 × 20 ಅಂದರೆ 15,000. ಅದನ್ನು 5000ದಿಂದ ಭಾಗಿಸಿದರೆ ಸರಿಯಾಗಿ 3. ಎಲ್ಲ ಕೊರಿಯರ್‌ನವರೂ 5000ದಿಂದಲೇ ಭಾಗಿಸುತ್ತಾರೆ. ಬಾಕ್ಸ್ ಮೇಲೆ ಅಚ್ಚಾದ ಅಳತೆಯ ಫೋಟೋ ಹಾಕಿ, ಅದೇ ಸಾಕ್ಷಿ. ಒಂದೊಂದು ಕೆಜಿ ವಾಪಸ್ ಬರುತ್ತದೆ.

ಮಣ್ಣಿನಕುಡಿಕೆ

ನನಗೂ ಅಳತೆಯದೇ ಕಾಟ. ಗಿರಾಕಿಗಳು "ಫೋಟೋದಲ್ಲಿ ದೊಡ್ಡದಾಗಿತ್ತು, ಬಂದದ್ದು ಚಿಕ್ಕದು" ಅಂತ ವಾಪಸ್ ಕಳಿಸುತ್ತಾರೆ. ವಿವರಣೆಯಲ್ಲಿ ಅಳತೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಪಕ್ಕದಲ್ಲಿ ಕೈ ಇಟ್ಟು ಒಂದು ಫೋಟೋ ತೆಗೆಯಿರಿ. ನನಗೆ ಅದರಿಂದ ಅನುಕೂಲವಾಯಿತು.

ಹಳೇಗೋಡೌನ್

ಕುಡಿಕೆಯವರೇ, ಅದು ಬೇರೆ ಅಳತೆ, ಗಿರಾಕಿ ನೋಡುವ ವಸ್ತುವಿನ ಅಳತೆ. ಇಲ್ಲಿ ಕೇಳುತ್ತಿರುವುದು ಪಾರ್ಸೆಲ್ಲಿನದು. ಆದರೆ ನೀವು ಬೆರೆಸಿಕೊಂಡ ಹಾಗೇ ಬಹಳ ಜನ ಬೆರೆಸಿಕೊಳ್ಳುತ್ತಾರೆ. ಒಟ್ಟಿಗೇ ನೂರು ಐಟಂ ಅಪ್‌ಲೋಡ್ ಮಾಡುವ ಶೀಟಿನಲ್ಲಿ ಎರಡೂ ಅಳತೆಯ ಕಾಲಂಗಳು ಹತ್ತಿರ ಹತ್ತಿರ ಇರುತ್ತವೆ. ಈ ಬುಟ್ಟಿಯ 28 × 23 × 14 ಅನ್ನು ಪ್ಯಾಕೇಜ್ ಕಾಲಂನಲ್ಲಿ ತುಂಬಿದ್ದರೆ 1.8 ಬಂದು, ಪೇಜ್ ಅದನ್ನು ಮೇಲಿನ ಅರ್ಧ ಕೆಜಿ ಸ್ಲ್ಯಾಬಿಗೆ ಏರಿಸಿ 2 ಕೆಜಿ ತೋರಿಸುತ್ತಿತ್ತು. ಬಿಲ್ ಬಂದಾಗ ಇದಕ್ಕಿಂತ ದೊಡ್ಡ ಪೆಟ್ಟು ಬೀಳುತ್ತಿತ್ತು.

ಬುಟ್ಟಿಯವರೇ, ಆಕ್ಷೇಪಣೆ ಹಾಕುವ ಮೊದಲು ಎರಡು ಕೆಲಸ ಮಾಡಿ. ಬಿಲ್ಲಿನ ಸಾರಾಂಶ ಬಿಟ್ಟು, ಪಾರ್ಸೆಲ್‌ವಾರು ವಿವರದ ಶೀಟ್ ಇಳಿಸಿಕೊಳ್ಳಿ. ಅವರ ಯಂತ್ರ ಅಳೆದ ಉದ್ದ, ಅಗಲ, ಎತ್ತರ ಅದರಲ್ಲಿ ಇರಬೇಕು. ಆಮೇಲೆ ಕಳಿಸಲು ರೆಡಿ ಇರುವ ಒಂದು ಪಾರ್ಸೆಲ್ ತೆಗೆದುಕೊಂಡು, ಟೇಪ್ ಹೊಡೆದು ಮುಗಿಸಿದ ಮೇಲೆ, ಹೊರಗಿನಿಂದ ಅಳೆಯಿರಿ. ಬಾಕ್ಸ್ ಮೇಲೆ ಅಚ್ಚಾಗಿರುವುದನ್ನು ನಂಬಬೇಡಿ. ರಟ್ಟಿನ ಬಾಕ್ಸ್ ಮಾಡುವವರು ಸಾಮಾನ್ಯವಾಗಿ ಒಳ ಅಳತೆ ಹೇಳುತ್ತಾರೆ. ಒಳಗೆ ಏನು ಹಿಡಿಸುತ್ತದೆ ಅನ್ನುವುದು ತಾನೇ ಕೊಳ್ಳುವವರಿಗೆ ಬೇಕಾದದ್ದು? ಕೊರಿಯರ್‌ನವರಿಗೆ ಅದು ಬೇಡ. ಲಾರಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದೇ ಅವರ ಲೆಕ್ಕ.

ಬೆತ್ತದಬುಟ್ಟಿ

ರಟ್ಟು ಮೂರೋ ನಾಲ್ಕೋ ಮಿಲಿಮೀಟರ್ ದಪ್ಪ ಇರಬಹುದು ಸರ್. ಅಷ್ಟಕ್ಕೆ ಒಂದು ಕೆಜಿ ಏರುತ್ತದಾ?

ಹಳೇಗೋಡೌನ್

ಮೊದಲು ಅಳೆಯಿರಿ, ಆಮೇಲೆ ಮಾತಾಡೋಣ. ಒಂದು ವಿಷಯ. ಎತ್ತರ ಅಳೆಯುವಾಗ ಟೇಪನ್ನು ಅಂಚಿಗೆ ಹಿಡಿಯಬೇಡಿ. ಬಾಕ್ಸನ್ನು ಮೇಜಿನ ಮೇಲಿಟ್ಟು, ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಡಿ. ಒತ್ತಬೇಡಿ, ಸುಮ್ನೆ ಇಡಿ. ಪುಸ್ತಕ ಬಾಕ್ಸಿನ ಅಂಚಿಂದ ಒಂದಿಷ್ಟು ಹೊರಗೆ ಚಾಚಿರಲಿ. ಮೇಜಿನಿಂದ ಪುಸ್ತಕದ ತಳದವರೆಗೆ ಎಷ್ಟಿದೆಯೋ ಅದೇ ಎತ್ತರ.

ದಿಂಬಿನವಳು

ನನ್ನ ಕಥೆ ಕೇಳಿ. ನಾನು ಮಾರುವುದು ದಿಂಬು. ಬಾಕ್ಸ್ ಇಲ್ಲ, ಕವರ್ ಮಾತ್ರ. ಗಾಳಿ ಎಳೆದು ಚಪ್ಪಟೆ ಮಾಡಿ ಕವರಿಗೆ ತುಂಬಿದಾಗ 40 × 30 × 12 ಇರುತ್ತದೆ. 3 ಕೆಜಿ ಸ್ಲ್ಯಾಬಿನಲ್ಲಿ ಕೂರುತ್ತದೆ. ಅದೇ ಕವರ್ ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಹಬ್ಬಿಗೆ ಹೋಗುವಷ್ಟರಲ್ಲಿ ಉಸಿರು ತಗೊಂಡು 17 ಸೆಂಟಿಮೀಟರ್ ಆಗಿರುತ್ತದೆ! 4.08 ಬರುತ್ತದೆ, ಅವರು 4.5 ಹಾಕುತ್ತಾರೆ. ನಾನು ಕಳಿಸಿದ ಫೋಟೋದಲ್ಲಿ 12, ಅವರ ಫೋಟೋದಲ್ಲಿ 17. ಇಬ್ಬರದೂ ಸತ್ಯ. ದುಡ್ಡು ಮಾತ್ರ ನನ್ನದು ಹೋಯಿತು.

ಈಗ ಪ್ಯಾಕ್ ಮಾಡಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಳೆಯುತ್ತೇನೆ. ಅದರ ಮೇಲೂ ಕೆಲವು ಉಬ್ಬುತ್ತವೆ. ಇದಕ್ಕೆ ಯಾರ ಹತ್ತಿರ ಔಷಧಿ ಇದೆಯೋ ಹೇಳಿ.

ಸುಲಭದಾರಿ

ಇಷ್ಟೆಲ್ಲ ತಲೆನೋವು ಯಾಕೆ? 35 × 30 × 25 ಅಂತ ಜಾಸ್ತಿ ಹಾಕಿಬಿಡಿ. ಅವರು ಅಳೆದಾಗ ಕಡಿಮೆಯೇ ಬರುತ್ತದೆ. ಶಾಕ್ ಹೊಡೆಯುವ ಮಾತೇ ಇಲ್ಲ.

ಹಳೇಗೋಡೌನ್

ಶಾಕ್ ಹೊಡೆಯುವುದಿಲ್ಲ, ನಿಜ. ಯಾಕೆಂದರೆ ಮೊದಲೇ ಹೊಡೆಸಿಕೊಂಡಿರುತ್ತೀರಿ. ನೀವು ಹೇಳಿದ ಅಳತೆ 5.25 ಆಗುತ್ತದೆ, ಅಂದರೆ 5.5 ಕೆಜಿ ಸ್ಲ್ಯಾಬ್. ನಾನು ಕೆಲಸ ಮಾಡಿದ ಕಡೆಯೆಲ್ಲ, ಮಾರುವವರು ಬರೆದದ್ದು ಮತ್ತು ಯಂತ್ರ ಅಳೆದದ್ದು ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೇ ಬಿಲ್ ಆಗುತ್ತಿತ್ತು. ನೀವೇ ಜಾಸ್ತಿ ಬರೆದುಕೊಟ್ಟರೆ ಕರೆದು ವಾಪಸ್ ಕೊಡುವವರು ಯಾರೂ ಇಲ್ಲ.

ಕಡಿಮೆ ಬರೆದರೂ ಅಷ್ಟೇ. ಕೆಲವು ಪಾರ್ಸೆಲ್ ಯಂತ್ರದ ಕೆಳಗೆ ಹೋಗದೆ ದಾಟಿಬಿಡುತ್ತವೆ. ಅದನ್ನು ನೋಡಿ ಜನ ತಾವು ಬರೆದದ್ದೇ ಸರಿ ಅಂದುಕೊಳ್ಳುತ್ತಾರೆ. ಆಮೇಲೆ ಒಂದು ವಾರ ಎಲ್ಲವೂ ಸಿಕ್ಕಿಬೀಳುತ್ತವೆ.

ಬೆತ್ತದಬುಟ್ಟಿ

ಅಳೆದೆ. ಸ್ವಲ್ಪ ನಾಚಿಕೆಯಾಗುತ್ತಿದೆ.

ಉದ್ದ 30.8. ಅಗಲ 25.6. ಎತ್ತರ ಅಂಚಿನಲ್ಲಿ 21.3, ಪುಸ್ತಕ ಇಟ್ಟು ನೋಡಿದರೆ 22.7! ಬುಟ್ಟಿ ಅಲ್ಲಾಡಬಾರದು ಅಂತ ಮೇಲೆ ಕಾಗದದ ಉಂಡೆ ತುರುಕುತ್ತಿದ್ದೆ. ಅದು ಮುಚ್ಚಳವನ್ನು ಎತ್ತಿ ಹಿಡಿದಿದೆ. ದಿನಾ ಕಣ್ಣೆದುರೇ ಇತ್ತು, ಕಂಡಿರಲಿಲ್ಲ.

ವಿವರದ ಶೀಟೂ ಸಿಕ್ಕಿತು. 4 ಕೆಜಿ ಹಾಕಿದವು ಎಲ್ಲ ಹೆಚ್ಚು ಕಡಿಮೆ 30.9 × 25.7 × 22.8. ಆ 3.5 ಕೆಜಿಯದು 30.8 × 25.6 × 21.4. 7.5 ಕೆಜಿಯದು 61.9 × 25.8 × 22.8. ಅಷ್ಟು ಉದ್ದದ ಬಾಕ್ಸೇ ನನ್ನ ಹತ್ತಿರ ಇಲ್ಲ!

ಹಳೇಗೋಡೌನ್

ನೋಡಿ, ಮೂರೂ ತೂಕಕ್ಕೆ ಉತ್ತರ ನಿಮ್ಮ ಶೀಟಿನಲ್ಲೇ ಇದೆ.

```
30.0 × 25.0 × 20.0 ÷ 5000 = 3.00 → 3.0
30.8 × 25.6 × 21.4 ÷ 5000 = 3.37 → 3.5
30.9 × 25.7 × 22.8 ÷ 5000 = 3.62 → 4.0
```

ಮೊದಲ ಸಾಲು ನೀವು ಬರೆದದ್ದು. ಅದು ಸ್ಲ್ಯಾಬಿನ ಅಂಚಿನ ಮೇಲೇ ನಿಂತಿದೆ. ಮಿಲಿಮೀಟರ್ ಹೆಚ್ಚಾದರೂ ಆಚೆ ಬೀಳುತ್ತದೆ. ರಟ್ಟಿನ ದಪ್ಪ ಉದ್ದದಲ್ಲಿ ಎರಡು ಸಲ ಸೇರುತ್ತದೆ, ಅಗಲದಲ್ಲಿ ಎರಡು ಸಲ. ಎತ್ತರದಲ್ಲಿ ನಾಲ್ಕು ಸಲ, ಯಾಕೆಂದರೆ ಮೇಲೆ ಎರಡು ಪದರ ಫ್ಲ್ಯಾಪ್, ಕೆಳಗೆ ಎರಡು ಪದರ. ನಿಮ್ಮ 20 ಅಂಚಿನಲ್ಲಿ 21.3 ಆದದ್ದು ಹಾಗೆ. ಇಷ್ಟಕ್ಕೇ 3.5ಕ್ಕೆ ಏರಿತು. ಅದರ ಮೇಲಿನ ಅರ್ಧ ಕೆಜಿ ಪೂರ್ತಿ ಕಾಗದದ ಉಂಡೆಯದು. ಆ 3.5 ಪಾರ್ಸೆಲ್ ಪ್ಯಾಕ್ ಮಾಡಿದ ದಿನ ಕಾಗದ ಕಡಿಮೆ ಬಿದ್ದಿತ್ತೇನೋ.

ಪುಸ್ತಕ ಇಡಲು ಹೇಳಿದ್ದೂ ಅದಕ್ಕೇ. ಹಬ್ಬಿನ ಯಂತ್ರ ನಿಮ್ಮ ಬಾಕ್ಸಿನ ಆಕಾರ ನೋಡುವುದಿಲ್ಲ. ವಸ್ತು ಪೂರ್ತಿ ಕೂರುವಂಥ ಆಯತಾಕಾರದ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕುತ್ತದೆ. ಒಂದು ಮೂಲೆ ಉಬ್ಬಿದರೂ ಇಡೀ ಬಾಕ್ಸ್ ಅಷ್ಟು ಎತ್ತರ ಅಂತಲೇ ಅರ್ಥ. ದುಂಡಗಿನ ಕೊಳವೆ ಕಳಿಸಿದರೂ ಹಾಗೇ, ಸುತ್ತಲಿನ ಖಾಲಿ ಮೂಲೆಗಳಿಗೂ ದುಡ್ಡು ಕೊಡುತ್ತೀರಿ.

61.9 ಇದೆಯಲ್ಲ, ಅದು ಮಾತ್ರ ಅವರ ತಪ್ಪು. 30.9ರ ಎರಡರಷ್ಟು ಆಗುತ್ತದೆ ನೋಡಿ. ಬೆಲ್ಟಿನ ಮೇಲೆ ನಿಮ್ಮ ಎರಡು ಬಾಕ್ಸ್ ಒಂದಕ್ಕೊಂದು ಅಂಟಿಕೊಂಡು ಹೋಗಿವೆ. ಯಂತ್ರ ಒಂದೇ ವಸ್ತು ಅಂದುಕೊಂಡಿದೆ. ಅದಕ್ಕೆ ಆಕ್ಷೇಪಣೆ ಹಾಕಿ. ಉಳಿದ 17ಕ್ಕೆ ಹಾಕಿದರೆ ನಿಮ್ಮ ಫೋಟೋವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಲೆಕ್ಕದಪುಸ್ತಕ

ಒಪ್ಪಿದೆ. ಅಚ್ಚಿನ ಅಳತೆ ಒಳಗಿನದು ಅನ್ನುವುದು ನನಗೂ ಗೊತ್ತಿರಲಿಲ್ಲ. ಆದರೆ 5000 ಅಂತೂ ಎಲ್ಲ ಕಡೆ ಒಂದೇ ತಾನೇ?

ಹಳೇಗೋಡೌನ್

ಅಲ್ಲ. 5000 ಜಾಸ್ತಿ ಕಡೆ ಇದೆ ಅಷ್ಟೇ. ವಿಮಾನದ ಸರಕಿಗೆ 6000 ಹಳೆಯ ರೂಢಿ. ಕೆಲವರು 4000 ಕೂಡ ಇಟ್ಟಿದ್ದಾರೆ. ಇಂಚು, ಪೌಂಡಿನಲ್ಲಿ ಲೆಕ್ಕ ಹಾಕುವ ಕಡೆ 139 ಅಥವಾ 166 ಕಾಣಿಸುತ್ತದೆ. 139 ಅಂದರೆ ಹೆಚ್ಚು ಕಡಿಮೆ ನಮ್ಮ 5000. 166 ಅಂದರೆ 6000. ಇದೇ ಉಬ್ಬಿದ ಬಾಕ್ಸನ್ನು 4000ದಿಂದ ಭಾಗಿಸಿದರೆ 4.53 ಬಂದು 5 ಕೆಜಿಗೆ ಹೋಗುತ್ತದೆ. ನಿಮ್ಮ ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ಪ್ಯಾಕಿಂಗ್‌ಟೇಬಲ್

ಇನ್ನೊಂದು ಕಿರಿಕಿರಿ ಸೇರಿಸುತ್ತೇನೆ. ನಮ್ಮ ಕೊರಿಯರ್‌ನವರು ಒಂದೊಂದು ಬದಿಯನ್ನೂ ಮೇಲಿನ ಪೂರ್ಣ ಸೆಂಟಿಮೀಟರಿಗೆ ಏರಿಸುತ್ತಾರೆ. ಅಂದರೆ ಬುಟ್ಟಿಯವರ ಬಾಕ್ಸ್ ಉಬ್ಬದೇ ಇದ್ದರೂ 31 × 26 × 22 ಆಗುತ್ತದೆ. 3.55. ಹೋಯಿತು, 4 ಕೆಜಿ. ಅದಕ್ಕೇ ನಾನು ಪೇಜಿನಲ್ಲಿ ತುಂಬುವಾಗಲೇ ಏರಿಸಿದ ಅಂಕಿ ಹಾಕುತ್ತೇನೆ. ದಶಮಾಂಶ ಹಾಕಲು ಹೋಗುವುದಿಲ್ಲ.

ಹಳೇಗೋಡೌನ್

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಬುಟ್ಟಿಯವರ ಶೀಟಿನಲ್ಲಿ ದಶಮಾಂಶ ಇದೆ, ಅಂದರೆ ಅವರ ಕೊರಿಯರ್‌ನವರು ಏರಿಸುತ್ತಿಲ್ಲ. ಸುಮ್ನೆ ಏರಿಸಿ ಬರೆದರೆ 3.5ರಲ್ಲಿ ಹೋಗಬೇಕಾದದ್ದು 4ಕ್ಕೆ ಹೋಗುತ್ತದೆ.

ಪ್ಯಾಕಿಂಗ್‌ಟೇಬಲ್

ಇವತ್ತು ಏರಿಸುತ್ತಿಲ್ಲ ಸರ್. ನಾಳೆ ಬೇರೆ ಕೊರಿಯರ್‌ಗೆ ಹೋದರೆ? ಸಾಫ್ಟ್‌ವೇರ್ ತಾನೇ ಆರಿಸಿ ಕಳಿಸುವ ಕಡೆ ಯಾವ ಪಾರ್ಸೆಲ್ ಯಾರ ಕೈಗೆ ಹೋಗುತ್ತದೆ ಅಂತ ನಮಗೆ ಗೊತ್ತಾಗುವುದೇ ಆಮೇಲೆ. ಏರಿಸಿದರೂ ಸ್ಲ್ಯಾಬಿನ ಒಳಗೇ ಕೂರುವಂಥ ಬಾಕ್ಸ್ ಆರಿಸಿಕೊಂಡರೆ ಈ ಜಗಳವೇ ಇರುವುದಿಲ್ಲ. ಬುಟ್ಟಿಯ ಎತ್ತರ 14 ಅಲ್ವಾ? 20ರ ಬಾಕ್ಸ್ ಯಾಕೆ ಬೇಕು? ಹೊರಗಿನ ಎತ್ತರ 18ಕ್ಕೆ ಇಳಿಸಿ. 31 × 26 × 18 ಅಂದರೆ 2.90. ಏರಿಸುವವರ ಕೈಗೆ ಸಿಕ್ಕರೂ 3, ಏರಿಸದವರ ಕೈಗೆ ಸಿಕ್ಕರೂ 3.

ಬೆತ್ತದಬುಟ್ಟಿ

ಇದು ಚೆನ್ನಾಗಿದೆ. ಆದರೆ ಮನೆಯಲ್ಲಿ 20ರ ಬಾಕ್ಸ್ ಇನ್ನೂ ಎರಡು ಕಟ್ಟು ಬಿದ್ದಿದೆ.

ಪ್ಯಾಕಿಂಗ್‌ಟೇಬಲ್

ಬಿಸಾಡಬೇಡಿ, ಅದನ್ನೇ ತಗ್ಗಿಸಬಹುದು. ಬಾಕ್ಸಿನ ತಳ ಅಂಟಿಸಿ ನಿಲ್ಲಿಸಿ. ನಾಲ್ಕು ಮೂಲೆಯನ್ನೂ ಮೇಲಿನಿಂದ 3.3 ಸೆಂಟಿಮೀಟರ್ ಕೆಳಗಿನವರೆಗೆ ಕತ್ತರಿಸಿ. ಆ ಗುರುತುಗಳನ್ನು ಸೇರಿಸಿ ಅಡಿಪಟ್ಟಿ ಇಟ್ಟು, ಕತ್ತರಿಯ ಮೊಂಡು ಬೆನ್ನಿನಿಂದ ಒಳಗಡೆ ಗೀರಿ. ರಟ್ಟು ಹರಿಯಬಾರದು, ಬರೀ ತಗ್ಗು ಬೀಳಬೇಕು. ಅಲ್ಲಿಗೆ ಮಡಚಿದರೆ ಹೊಸ ಫ್ಲ್ಯಾಪ್ ಸಿದ್ಧ.

ಒಂದು ಎಚ್ಚರ. ಈಗ ಫ್ಲ್ಯಾಪ್‌ಗಳು ಮೊದಲಿಗಿಂತ 3.3 ಸೆಂಟಿಮೀಟರ್ ಹೆಚ್ಚು ಉದ್ದ ಆಗಿರುತ್ತವೆ. ಹಾಗೇ ಮುಚ್ಚಿದರೆ ನಡುವೆ ಒಂದರ ಮೇಲೊಂದು ಹತ್ತಿ ಮತ್ತೆ ಉಬ್ಬುತ್ತದೆ. ನಾಲ್ಕರ ತುದಿಯನ್ನೂ ಅಷ್ಟೇ ಕತ್ತರಿಸಿ ತೆಗೆಯಿರಿ.

ಮಣ್ಣಿನಕುಡಿಕೆ

ಈಗ ನನಗೂ ವಿಷಯ ಅರ್ಥವಾಯಿತು. ಆದರೆ ಹೀಗೆ ಕತ್ತರಿಸುತ್ತಾ ಹೋದರೆ ಮೆತ್ತೆಗೆ ಜಾಗ ಎಲ್ಲಿ? ಒಳಗೆ 16.7 ಸಿಗುತ್ತದೆ, ಬುಟ್ಟಿ 14. ಮೇಲೆ ಕೆಳಗೆ ಒಂದೂಕಾಲು ಸೆಂಟಿಮೀಟರ್ ಚಿಲ್ಲರೆ. ನನ್ನ ಕುಡಿಕೆ ಹಾಗೆ ಕಳಿಸಿದರೆ ಪುಡಿಯಾಗಿಯೇ ತಲುಪುತ್ತದೆ. ಅರ್ಧ ಕೆಜಿ ಉಳಿಸಲು ಹೋಗಿ ವಸ್ತುವನ್ನೇ ಕಳೆದುಕೊಂಡರೆ? ವಾಪಸ್ ಬರುವ ಖರ್ಚೂ ಅದೇ ವಾಲ್ಯೂಮೆಟ್ರಿಕ್ ತೂಕದ ಮೇಲೇ ಹಾಕುತ್ತಾರೆ.

ಪ್ಯಾಕಿಂಗ್‌ಟೇಬಲ್

ಕುಡಿಕೆಗೆ ನಾನು ಇದನ್ನು ಹೇಳುವುದೇ ಇಲ್ಲ. ಬೆತ್ತ ಬಾಗುತ್ತದೆ, ಮಣ್ಣು ಒಡೆಯುತ್ತದೆ. ಬುಟ್ಟಿಗೆ ಬಬಲ್ ಶೀಟ್ ಒಂದು ಸುತ್ತು ಸಾಕು ಅನ್ನುವುದು ನನ್ನ ಅಂದಾಜು. ಮುಚ್ಚಳದ ಹಿಡಿ ಮೇಲೆ ಎದ್ದಿದ್ದರೆ ಮಾತ್ರ ಯೋಚನೆ ಮಾಡಬೇಕು.

ಬೆತ್ತದಬುಟ್ಟಿ

ಹಿಡಿ ಸೇರಿಸಿಯೇ 14. ಎರಡು ಬಾಕ್ಸ್ ಕತ್ತರಿಸಿ, ಮೇಜಿನ ಎತ್ತರದಿಂದ ಬೀಳಿಸಿ ನೋಡುತ್ತೇನೆ.

ಇನ್ನೊಂದು ಸಂಶಯ ಉಳಿದಿದೆ. ಒಬ್ಬರೇ ಎರಡು ಬುಟ್ಟಿ ಆರ್ಡರ್ ಮಾಡಿದರೆ ಪೇಜ್ ತೂಕವನ್ನು 2.2 ಅಂತ ಎರಡರಷ್ಟು ಮಾಡುತ್ತದೆ. ಅಳತೆ ಮಾತ್ರ ಒಂದು ಬುಟ್ಟಿಯದೇ ಇರುತ್ತದೆ. ಅದು ಸರಿನಾ?

ಹಳೇಗೋಡೌನ್

ಸರಿಯಲ್ಲ. ಲೇಬಲ್ ಪ್ರಿಂಟ್ ತೆಗೆಯುವ ಮೊದಲು ನೀವೇ ತಿದ್ದಬೇಕು. ಇಲ್ಲದಿದ್ದರೆ ಪೇಜ್ 3 ಕೆಜಿ ಅಂತಲೇ ತೋರಿಸುತ್ತಾ ಇರುತ್ತದೆ. ಒಂದರ ಮೇಲೊಂದು ಇಟ್ಟು ಒಂದೇ ಬಾಕ್ಸಿನಲ್ಲಿ ಕಳಿಸಿದರೆ ಎತ್ತರ ಸುಮಾರು 33 ಆಗಬಹುದು. 31 × 26 × 33 ಅಂದರೆ 5.32, ಅಂದರೆ 5.5 ಕೆಜಿ. ಎರಡು ಬೇರೆ ಬಾಕ್ಸ್ ಕಳಿಸಿದರೆ 3 ಮತ್ತು 3. ಒಂದೇ ಬಾಕ್ಸ್ ಸ್ವಲ್ಪ ಲಾಭ. ನಿಜವಾದ ಎರಡು-ಬುಟ್ಟಿ ಬಾಕ್ಸ್ ಒಂದನ್ನು ಕಟ್ಟಿ ಅಳೆದು, ಆ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಅಂದಾಜಿನಲ್ಲಿ ಕೂಡಿಸಬೇಡಿ.

ಆ 7.5ರ ಆಕ್ಷೇಪಣೆಗೆ ಫೋಟೋ ಹೇಗೆ ತೆಗೆಯುತ್ತೀರಿ? ಆ ಪಾರ್ಸೆಲ್ ಈಗ ನಿಮ್ಮ ಕೈಯಲ್ಲಿಲ್ಲ.

ಬೆತ್ತದಬುಟ್ಟಿ

ಅದೇ ಯೋಚನೆ. ಕಳಿಸುವಾಗ ಫೋಟೋ ತೆಗೆದಿರಲಿಲ್ಲ.

ಹಳೇಗೋಡೌನ್

ಹಾಗಾದರೆ ಅದೇ ಥರದ ಬಾಕ್ಸಿನ ಫೋಟೋ ಹಾಕಿ. ಜೊತೆಗೆ ಉಳಿದ ಪಾರ್ಸೆಲ್‌ಗಳಿಗೆ ಅವರ ಯಂತ್ರವೇ ಕೊಟ್ಟ 30.9 ಉದ್ದವನ್ನೂ ತೋರಿಸಿ. ಅವರ ಅಂಕಿಯನ್ನೇ ಅವರ ಮುಂದೆ ಇಟ್ಟ ಹಾಗೆ. ಇನ್ನು ಮುಂದೆ ದಿನಕ್ಕೊಂದು ಪಾರ್ಸೆಲ್ಲಿಗಾದರೂ ನಾಲ್ಕು ಫೋಟೋ ತೆಗೆದಿಡಿ. ಮೂರು ಬದಿಗೆ ಮೂರು, ತಕ್ಕಡಿ ಮೇಲೆ ಒಂದು. ನಾಲ್ಕರಲ್ಲೂ ಲೇಬಲ್ಲಿನ ನಂಬರ್ ಕಾಣಬೇಕು. ಟೇಪಿನ ಸೊನ್ನೆ ಬಾಕ್ಸಿನ ಅಂಚಿಗೆ ಕೂತಿರುವುದೂ ಕಾಣಬೇಕು. ಮೇಲಿನಿಂದ ಓರೆಯಾಗಿ ತೆಗೆದರೆ ಅರ್ಧ ಸೆಂಟಿಮೀಟರ್ ಆಚೀಚೆ ಕಾಣಿಸುತ್ತದೆ. ಬಗ್ಗಿ, ಟೇಪಿನ ಮಟ್ಟಕ್ಕೆ ಫೋನ್ ಹಿಡಿದು ತೆಗೆಯಿರಿ.

ದಿಂಬಿನವಳು

ನನ್ನ ದಿಂಬಿಗೆ ಯಾರೂ ಉತ್ತರ ಕೊಡಲಿಲ್ಲ 🙂

ಪ್ಯಾಕಿಂಗ್‌ಟೇಬಲ್

ಅಕ್ಕಾ, ಅಡ್ಡ ಎರಡು, ಉದ್ದಕ್ಕೊಂದು ಸ್ಟ್ರಾಪ್ ಬಿಗಿದು ನೋಡಿ. ಅಥವಾ ಗಟ್ಟಿ ಬಾಕ್ಸಿಗೆ ಒತ್ತಿ ತುಂಬಿ. ಆದರೆ ಬಾಕ್ಸೂ ಹೊಟ್ಟೆ ಬಿಡುತ್ತದೆ, ನಾನು ನೋಡಿದ್ದೇನೆ.

ದಿಂಬಿನವಳು

ಸ್ಟ್ರಾಪ್ ಹಾಕಿದರೆ ನಡುವೆ ಸೊಂಟ, ಎರಡೂ ಕಡೆ ಹೊಟ್ಟೆ ಬರುತ್ತದೆ. ಯಂತ್ರ ಹೊಟ್ಟೆಯನ್ನೇ ಅಳೆಯುತ್ತದೆ ಅಂತ ಈಗ ತಾನೇ ಓದಿದೆ. ಸದ್ಯಕ್ಕೆ 17 ಅಂತಲೇ ಬರೆದು, 4.5ಕ್ಕೇ ಬೆಲೆ ಇಡುತ್ತೇನೆ.

ಬೆತ್ತದಬುಟ್ಟಿ

ಎರಡು ವಾರದ ಮೇಲೆ ಬಂದಿದ್ದೇನೆ. ತಗ್ಗಿಸಿದ ಬಾಕ್ಸ್ ಬೀಳಿಸಿ ನೋಡಿದೆ, ಬುಟ್ಟಿಗೆ ಏನೂ ಆಗಲಿಲ್ಲ. ಕಾಗದದ ಉಂಡೆ ಬಿಟ್ಟು, ಬಬಲ್ ಶೀಟ್ ಸುತ್ತಿ, 31 × 26 × 18 ಅಂತ ಬರೆದು ಒಂಬತ್ತು ಕಳಿಸಿದೆ. ಎಂಟಕ್ಕೆ 3 ಕೆಜಿ ಬಂತು. ಒಂದಕ್ಕೆ ಮಾತ್ರ 3.5. ಶೀಟಿನಲ್ಲಿ 30.9 × 25.7 × 19.1 ಇದೆ. ಅದು ಮೊದಲ ದಿನ ಕತ್ತರಿಸಿದ್ದು. ಫ್ಲ್ಯಾಪಿನ ತುದಿ ತೆಗೆಯಲು ಮರೆತಿದ್ದೆ, ಹಾಗೇ ಒತ್ತಿ ಟೇಪ್ ಹೊಡೆದಿದ್ದೆ.

7.5 ಕೆಜಿಯ ಆಕ್ಷೇಪಣೆ ಇನ್ನೂ "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸುತ್ತಿದೆ.

ಹಳೇಗೋಡೌನ್

ಆ ದಿನ ಪಕ್ಕದ ಬಾಕ್ಸಿಗೆ ಬೇರೆ ಅಳತೆ ದಾಖಲಾಗಿದೆಯಾ ನೋಡಿ. ಎರಡನ್ನೂ ಒಂದು ಅಂತ ಅಳೆದಿದ್ದರೆ, ಒಂದರ ಹೆಸರಿನಲ್ಲಿ ಅಳತೆಯೇ ಇಲ್ಲದೆ ನೀವು ಬರೆದ ಅಂಕಿ ಹಾಗೇ ಉಳಿದಿರಬಹುದು.

ಬೆತ್ತದಬುಟ್ಟಿ

18ರಲ್ಲಿ ಎಲ್ಲದಕ್ಕೂ ಅಳತೆ ಇದೆ ಸರ್. ಹಾಗಾದರೆ ಪಕ್ಕ ಅಂಟಿಕೊಂಡದ್ದು ಬೇರೆ ಯಾರದೋ ಬಾಕ್ಸ್ ಇರಬೇಕು. ಅಥವಾ ನನ್ನದನ್ನೇ ಬೇರೆ ಕಡೆ ಮತ್ತೊಮ್ಮೆ ಅಳೆದಿದ್ದಾರೆ. ಇದನ್ನೂ ಬರೆದು ಕಳಿಸುತ್ತೇನೆ.